ಒಂದೇ ಮೈಗೆ ನಾಲ್ಕು ಲೆಕ್ಕ: ಬಿಎಂಆರ್ ಸೂತ್ರಗಳು ಯಾರಲ್ಲಿ ಎಷ್ಟು ತಪ್ಪುತ್ತವೆ?

ಲೆಕ್ಕಕ್ಕಾಗಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಬದಿಯಡ್ಕದ ಹತ್ತಿರ ಮನೆಯಲ್ಲೇ ಕೂತು ಬೀಡಿ ಕಟ್ಟುವ ಲಲಿತಕ್ಕ. ವಯಸ್ಸು 50, ಎತ್ತರ 150 ಸೆಂಟಿಮೀಟರ್, ತೂಕ 44 ಕಿಲೋ. ಕಾಸರಗೋಡಿನ ಯಾವ ಊರಿಗೆ ಹೋದರೂ ಈ ಮೈಕಟ್ಟಿನ ಹೆಂಗಸರು ಸಿಗುತ್ತಾರೆ. ಇತ್ತೀಚೆಗೆ ತೂಕ ಇಳಿಯುತ್ತಿದೆಯಲ್ಲ ಎಂದು ಮಗಳಿಗೆ ಚಿಂತೆ. ಅಮ್ಮನಿಗೆ ದಿನಕ್ಕೆ ಎಷ್ಟು ಊಟ ಬೇಕು ಎಂದು ತಿಳಿಯಲು ಅವಳು ಮೊಬೈಲಿನಲ್ಲಿ ಬಿಎಂಆರ್, ಅಂದರೆ ಸುಮ್ಮನೆ ಮಲಗಿದ್ದರೂ ದೇಹ ದಿನಕ್ಕೆ ಎಷ್ಟು ಕ್ಯಾಲರಿ ಖರ್ಚು ಮಾಡುತ್ತದೆ ಎಂಬ ಲೆಕ್ಕ ಹಾಕುತ್ತಾಳೆ. ಒಂದು ಆ್ಯಪ್ 967 ಎನ್ನುತ್ತದೆ, ಇನ್ನೊಂದು 1203 ಎನ್ನುತ್ತದೆ. ಎರಡರ ನಡುವೆ ದಿನಕ್ಕೆ 236 ಕ್ಯಾಲರಿ ಅಂತರ. ಕುಚ್ಚಿಲಕ್ಕಿಯಲ್ಲಿ ಹೇಳುವುದಾದರೆ ಸುಮಾರು 65 ಗ್ರಾಂ ಅಕ್ಕಿ, ಅಂದರೆ ಒಂದು ಹೊತ್ತಿನ ಗಂಜಿ.

ಎರಡೂ ಆ್ಯಪ್‌ಗಳು ಸೂತ್ರವನ್ನು ಸರಿಯಾಗಿಯೇ ಲೆಕ್ಕ ಹಾಕಿವೆ. ಬೇರೆಯಾಗಿರುವುದು ಸೂತ್ರ. ಈ ಅಂತರ ಎಲ್ಲಿಂದ ಬಂತು, ಯಾವುದನ್ನು ಹಿಡಿಯಬೇಕು, ಹಿಡಿದ ಮೇಲೂ ಎಷ್ಟು ತಪ್ಪು ಉಳಿಯುತ್ತದೆ ಎಂಬುದನ್ನು ಲಲಿತಕ್ಕನ ಲೆಕ್ಕದ ಮೂಲಕವೇ ನೋಡೋಣ.

ಮೊದಲು ಬಿಎಂಆರ್ ಎಂದರೆ ಏನು ಎಂಬುದು ಸ್ಪಷ್ಟವಾಗಿರಲಿ. ರಾತ್ರಿ ಊಟವಾಗಿ ಹತ್ತು ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಿಗ್ಗೆ ಎಚ್ಚರವಾಗಿ, ಅಲುಗಾಡದೆ, ಚಳಿಯೂ ಸೆಕೆಯೂ ಇಲ್ಲದ ಕೋಣೆಯಲ್ಲಿ ಮಲಗಿರುವಾಗ ದೇಹ ಬದುಕಿರಲು ಮಾತ್ರ ಖರ್ಚು ಮಾಡುವ ಶಕ್ತಿಯನ್ನು ಒಂದು ದಿನಕ್ಕೆ ಲೆಕ್ಕ ಹಾಕಿದರೆ ಸಿಗುವುದು ಬಿಎಂಆರ್. (ಇಲ್ಲಿ ಕ್ಯಾಲರಿ ಎಂದಾಗಲೆಲ್ಲ ಕಿಲೋಕ್ಯಾಲರಿ ಎಂದೇ ಅರ್ಥ.) ಅದನ್ನು ನಿಜವಾಗಿ ಅಳೆಯುವುದು ಉಸಿರಿನಿಂದ. ತಲೆಯ ಮೇಲೆ ಪಾರದರ್ಶಕ ಮುಚ್ಚಳ ಇಟ್ಟು, ಒಳಗೆಳೆದ ಆಮ್ಲಜನಕ ಎಷ್ಟು, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಯಂತ್ರ ಅಳೆಯುತ್ತದೆ. 1949ರಲ್ಲಿ ವೀರ್ ಕೊಟ್ಟ ಸೂತ್ರ ಈ ಎರಡರಿಂದ ಕ್ಯಾಲರಿ ಹೇಳುತ್ತದೆ. ಲಲಿತಕ್ಕ ನಿಮಿಷಕ್ಕೆ 160 ಮಿಲಿಲೀಟರ್ ಆಮ್ಲಜನಕ ಬಳಸಿ 130 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಟ್ಟರು ಎಂದಿಟ್ಟುಕೊಂಡರೆ:

(3.941 × 160 + 1.106 × 130) × 1.44 = ಸುಮಾರು 1115 ಕ್ಯಾಲರಿ

ಈ ಅಳತೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ. ಅದೇ ವ್ಯಕ್ತಿಯನ್ನು ಬೇರೆ ಬೇರೆ ದಿನ ಅಳೆದರೆ ಶೇ. 3ರಿಂದ 5ರಷ್ಟು ಹೆಚ್ಚುಕಡಿಮೆ ಬರುವುದು ಸಹಜ. ಅಳತೆ ಕೆಟ್ಟಿದೆಯೇ ಎಂದು ತಿಳಿಯಲು ಒಂದು ಗುರುತಿದೆ. ಹೊರಬಿಟ್ಟದ್ದನ್ನು ಒಳಗೆಳೆದದ್ದರಿಂದ ಭಾಗಿಸಿದರೆ ಉಪವಾಸದಲ್ಲಿರುವವರಲ್ಲಿ ಸುಮಾರು 0.8 ಬರಬೇಕು; ಇಲ್ಲಿ 0.81 ಬಂದಿದೆ. ಅದು 0.7ಕ್ಕಿಂತ ಕೆಳಗೆ ಅಥವಾ 1ಕ್ಕಿಂತ ಮೇಲೆ ಹೋದರೆ ಮುಚ್ಚಳದಲ್ಲಿ ಗಾಳಿ ಸೋರಿದೆ, ಇಲ್ಲವೇ ಮಲಗಿದವರು ಗಾಬರಿಯಿಂದ ಜೋರಾಗಿ ಉಸಿರಾಡಿದ್ದಾರೆ ಎಂದು ಅನುಮಾನಿಸಬೇಕು.

ಇಂಥ ಯಂತ್ರ ಊರೂರಿನಲ್ಲಿ ಸಿಗುವುದಿಲ್ಲ. ಹಾಗಾಗಿಯೇ ಸೂತ್ರಗಳು ಬೇಕಾದವು. ಹಲವು ಜನರನ್ನು ಹೀಗೆ ಅಳೆದು, ಅವರ ತೂಕ, ಎತ್ತರ, ವಯಸ್ಸಿನ ಜೊತೆ ಹೋಲಿಸಿ, ಸರಾಸರಿಗೆ ಹೊಂದುವ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯೇ ಸೂತ್ರ. ಅಳತೆಗೆ ಮಲಗಿದವರು ಯಾರು ಎಂಬುದು ಸೂತ್ರದೊಳಗೆ ಉಳಿದುಬಿಡುತ್ತದೆ. ಲಲಿತಕ್ಕನಿಗೆ ನಾಲ್ಕು ಸೂತ್ರಗಳು ಏನು ಹೇಳುತ್ತವೆ ಎಂದು ನೋಡಿ:

ಹ್ಯಾರಿಸ್-ಬೆನೆಡಿಕ್ಟ್ (1919): 655.1 + 9.563 × 44 + 1.850 × 150 − 4.676 × 50 = 1120
ಸ್ಕೋಫೀಲ್ಡ್ (1985), 30ರಿಂದ 60 ವಯಸ್ಸಿನ ಹೆಂಗಸರಿಗೆ: 8.126 × 44 + 845.6 = 1203
ಮಿಫ್ಲಿನ್-ಸೇಂಟ್ ಜಿಯೋರ್ (1990): 10 × 44 + 6.25 × 150 − 5 × 50 − 161 = 967
ಹೆನ್ರಿಯವರ ಆಕ್ಸ್‌ಫರ್ಡ್ ಸೂತ್ರ (2005), 30ರಿಂದ 60 ವಯಸ್ಸಿನ ಹೆಂಗಸರಿಗೆ: 9.74 × 44 + 694 = 1123

ಹ್ಯಾರಿಸ್ ಮತ್ತು ಬೆನೆಡಿಕ್ಟ್ ಅಮೆರಿಕದ ಬಾಸ್ಟನ್ನಿನ ಪ್ರಯೋಗಾಲಯದಲ್ಲಿ 136 ಗಂಡಸರನ್ನೂ 103 ಹೆಂಗಸರನ್ನೂ ಆಧಾರವಾಗಿ ಇಟ್ಟುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯರು. ಈಗಿನ ಜನರ ಮೇಲೆ ಪರೀಕ್ಷಿಸಿದಾಗ ಈ ಸೂತ್ರ ಸಾಮಾನ್ಯವಾಗಿ ಶೇ. 5ರಷ್ಟೋ ಅದಕ್ಕಿಂತ ಹೆಚ್ಚೋ ಮೇಲೆ ಹೋಗುತ್ತದೆ.

ಸ್ಕೋಫೀಲ್ಡ್ ಸೂತ್ರದ ಕಥೆ ನಮಗೆ ಹೆಚ್ಚು ಮುಖ್ಯ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಅಂಗಗಳು ದೇಶಗಳ ಆಹಾರದ ಅಗತ್ಯವನ್ನು ಲೆಕ್ಕ ಹಾಕಲು 1985ರಿಂದ ಇದನ್ನೇ ನೆಚ್ಚಿಕೊಂಡವು, 2004ರ ವರದಿಯಲ್ಲೂ ಉಳಿಸಿಕೊಂಡವು. ಇದರ ಹಿಂದೆ ಏಳು ಸಾವಿರಕ್ಕೂ ಹೆಚ್ಚು ಅಳತೆಗಳಿವೆ. ಸಂಖ್ಯೆ ದೊಡ್ಡದೇ. ಆದರೆ ಅದರಲ್ಲಿ ಹತ್ತಿರಹತ್ತಿರ ಅರ್ಧ ಇಟಲಿಯವರದ್ದು, ಅವರಲ್ಲಿ ಸೈನಿಕರು ಮತ್ತು ದುಡಿಯುವ ಕಾರ್ಮಿಕರು ಹಲವರು. ಆ ಇಟಲಿಯ ಗುಂಪಿನವರ ಬಿಎಂಆರ್, ಅದೇ ತೂಕದ ಬೇರೆಯವರಿಗಿಂತ ಹೆಚ್ಚಾಗಿತ್ತು. ನಮ್ಮಂಥ ಬಿಸಿಲ ನಾಡಿನವರ ಅಳತೆಗಳೋ ಬಹಳ ಕಡಿಮೆ. ಹಾಗಾಗಿ ಸೂತ್ರದ ಗೆರೆಯೇ ಮೇಲಕ್ಕೆ ಸರಿದು ಕೂತಿತು. 1991ರಲ್ಲಿ ಹೆನ್ರಿ ಮತ್ತು ರೀಸ್ ಉಷ್ಣವಲಯದವರ ಅಳತೆಗಳನ್ನು ಬೇರೆಯಾಗಿ ಕೂಡಿಸಿ ನೋಡಿದಾಗ, ಸೂತ್ರ ಅವರಿಗೆ ಸರಾಸರಿ ಶೇ. 8ರಷ್ಟು ಹೆಚ್ಚು ಹೇಳುತ್ತಿರುವುದು ಕಂಡಿತು. ಮುಂದೆ 2005ರಲ್ಲಿ ಹೆನ್ರಿ ಇಟಲಿಯ ಗುಂಪನ್ನು ಕೈಬಿಟ್ಟು, ಹತ್ತು ಸಾವಿರಕ್ಕೂ ಮೇಲಿನ ಅಳತೆಗಳಿಂದ ಹೊಸ ಸೂತ್ರ ಕಟ್ಟಿದರು; ಅದರಲ್ಲಿ ನಾಲ್ಕು ಸಾವಿರದಷ್ಟು ಉಷ್ಣವಲಯದವರದ್ದೇ. ಲಲಿತಕ್ಕನ ಲೆಕ್ಕ 1203ರಿಂದ 1123ಕ್ಕೆ ಇಳಿದದ್ದು ಇದರಿಂದಲೇ.

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಕೂಡ ಇದನ್ನು ಗಮನಿಸಿತ್ತು. ಮೊದಲು ಭಾರತೀಯರಿಗಾಗಿ ಸ್ಕೋಫೀಲ್ಡ್ ಅಂಕಿಯಿಂದ ಶೇ. 5 ಕಳೆಯುತ್ತಿದ್ದರು; 2020ರ ಶಿಫಾರಸಿನಲ್ಲಿ ಕಳೆಯುವುದು ಶೇ. 10 ಆಯಿತು. ಸ್ಕೋಫೀಲ್ಡ್ ಸೂತ್ರದಿಂದ ಶೇ. 10 ತೆಗೆದರೆ ಲಲಿತಕ್ಕನಿಗೆ 1083. ಹೆನ್ರಿಯ 1123ಕ್ಕೆ ಇದು ಹತ್ತಿರ. ಬೇರೆ ಬೇರೆ ದಾರಿಯಲ್ಲಿ ಹೊರಟ ಎರಡು ಲೆಕ್ಕಗಳು ಹೀಗೆ ಒಂದೇ ಕಡೆ ಬಂದು ನಿಂತರೆ ನನಗೆ ಆ ಜಾಗದ ಮೇಲೆ ನಂಬಿಕೆ ಹೆಚ್ಚುತ್ತದೆ.

ಹಾಗಾದರೆ ಭಾರತೀಯರ ದೇಹವೇ ಬೇರೆಯೇ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೋರೆಸ್, ಪಿಯರ್ಸ್, ಶೆಟ್ಟಿ ಮುಂತಾದವರು ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಭಾರತ ಮತ್ತು ಆಸ್ಟ್ರೇಲಿಯದವರ ಅಳತೆಗಳನ್ನು ಹೋಲಿಸಿ 1998ರಲ್ಲಿ ಅವರು ಕೊಟ್ಟ ಉತ್ತರ ಸ್ಪಷ್ಟವಾಗಿದೆ: ದೇಹದಲ್ಲಿ ಕೊಬ್ಬು ಎಷ್ಟು, ಕೊಬ್ಬಲ್ಲದ್ದು ಎಷ್ಟು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಜನಾಂಗದ ವ್ಯತ್ಯಾಸಕ್ಕೆ ಆಧಾರ ಸಿಗುವುದಿಲ್ಲ. ತೂಕ ಒಂದೇ ಇದ್ದರೂ ನಮ್ಮವರಲ್ಲಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ. ಬರೀ ತೂಕ ನೋಡುವ ಸೂತ್ರಕ್ಕೆ ಅದು ಕಾಣುವುದಿಲ್ಲ. ಆದ್ದರಿಂದ ಶೇ. 10 ಕಳೆಯುವುದು ರಕ್ತದ ಗುಣಕ್ಕೆ ಕೊಟ್ಟ ರಿಯಾಯಿತಿ ಅಲ್ಲ, ತೂಕದೊಳಗೆ ಏನಿದೆ ಎಂದು ತಿಳಿಯದ ಸೂತ್ರಕ್ಕೆ ಹಾಕಿದ ತಿದ್ದುಪಡಿ. ಗರಡಿಯಲ್ಲಿ ಬೆಳೆದ ದಪ್ಪ ಮಾಂಸಖಂಡದ ಮಂಗಲ್ಪಾಡಿಯ ಯುವಕನಿಗೆ ಅದನ್ನು ಕುರುಡಾಗಿ ಕಳೆಯಬಾರದು.

ಇನ್ನು ಮಿಫ್ಲಿನ್. ಇಂದಿನ ಬಹುತೇಕ ಆ್ಯಪ್‌ಗಳ ಒಳಗೆ ಇರುವುದು ಇದೇ, ಅದಕ್ಕೆ ಕಾರಣವೂ ಇದೆ. ಅಮೆರಿಕದ ನೆವಾಡಾದಲ್ಲಿ 498 ಜನರನ್ನು ಅಳೆದು ಕಟ್ಟಿದ ಸೂತ್ರ. ಅವರಲ್ಲಿ ಹತ್ತಿರಹತ್ತಿರ ಅರ್ಧ ಮಂದಿ ಬೊಜ್ಜಿನವರು. ಪಾಶ್ಚಾತ್ಯ ವಯಸ್ಕರಲ್ಲಿ ನಡೆದ ಹೋಲಿಕೆಗಳಲ್ಲಿ ಇದು ಉಳಿದವನ್ನು ಹಿಂದೆ ಹಾಕಿತು. ಬೊಜ್ಜಿಲ್ಲದವರಲ್ಲಿ ಐವರಲ್ಲಿ ನಾಲ್ವರಿಗೆ, ಬೊಜ್ಜಿರುವವರಲ್ಲಿ ಹತ್ತರಲ್ಲಿ ಏಳು ಮಂದಿಗೆ, ಯಂತ್ರದ ಅಳತೆಯ ಶೇ. 10ರೊಳಗೆ ಉತ್ತರ ಕೊಟ್ಟಿತು. ಉಪ್ಪಳಕ್ಕೆ ಗಲ್ಫಿನಿಂದ ಮರಳಿದ 35 ವರ್ಷದ, 168 ಸೆಂಟಿಮೀಟರ್ ಎತ್ತರದ, 92 ಕಿಲೋ ತೂಕದ ಗಂಡಸಿಗಾದರೆ ನಾನು ಇದನ್ನೇ ಹಿಡಿಯುತ್ತೇನೆ: 920 + 1050 − 175 + 5, ಅಂದರೆ 1800. ಹ್ಯಾರಿಸ್-ಬೆನೆಡಿಕ್ಟ್ ಅವರಿಗೆ 1936 ಹೇಳುತ್ತದೆ, ಹೆನ್ರಿ 1899. ತೂಕ ಇಳಿಸಬೇಕಾದವರಿಗೆ ಸೂತ್ರ ಮೇಲೆ ತಪ್ಪಿದರೆ ತಿನ್ನುವುದು ಹೆಚ್ಚಾಗಿ ತೂಕ ಅಲ್ಲೇ ನಿಲ್ಲುತ್ತದೆ.

ಆದರೆ ಅದೇ ಮಿಫ್ಲಿನ್ ಲಲಿತಕ್ಕನಿಗೆ 967 ಹೇಳುವುದು ನನಗೆ ಸರಿಕಾಣುವುದಿಲ್ಲ. 44 ಕಿಲೋದ, 150 ಸೆಂಟಿಮೀಟರಿನ ಮೈ ಆ ಸೂತ್ರ ಕಂಡ ಜನರ ಅಂಚಿನಲ್ಲಿದೆ. ಗೆರೆಯನ್ನು ಅಂಚಿನತ್ತ ಎಳೆದಾಗ ಏನಾಗುತ್ತದೆ ಎಂದು ತಿಳಿಯಲು ದೇಹದೊಳಗೆ ಶಕ್ತಿ ಎಲ್ಲಿ ಖರ್ಚಾಗುತ್ತದೆ ಎಂದು ನೋಡಬೇಕು. ವಿಶ್ರಾಂತಿಯಲ್ಲಿರುವಾಗ ಒಂದು ಕಿಲೋ ಮಿದುಳು ದಿನಕ್ಕೆ ಸುಮಾರು 240 ಕ್ಯಾಲರಿ ಖರ್ಚು ಮಾಡುತ್ತದೆ, ಯಕೃತ್ತು 200, ಹೃದಯ ಮತ್ತು ಮೂತ್ರಪಿಂಡ ತಲಾ 440. ಒಂದು ಕಿಲೋ ಮಾಂಸಖಂಡಕ್ಕೆ ಬರೀ 13, ಕೊಬ್ಬಿಗೆ 4.5. ಲಲಿತಕ್ಕನ ಮಿದುಳು, ಯಕೃತ್ತು, ಹೃದಯ, ಮೂತ್ರಪಿಂಡ ಎಲ್ಲ ಸೇರಿ ಮೂರು ಕಿಲೋವೂ ಇರಲಿಕ್ಕಿಲ್ಲ. ಆದರೂ ಏಳುನೂರರಷ್ಟು ಕ್ಯಾಲರಿ ಅಲ್ಲೇ ಹೋಗುತ್ತದೆ. ಅವರ ತೂಕ 92 ಕಿಲೋದವರ ಅರ್ಧದಷ್ಟಿದ್ದರೂ ಮಿದುಳು ಅರ್ಧ ಇಲ್ಲ. ಸಣ್ಣ ಮೈಯಲ್ಲಿ ಈ ಅಂಗಗಳ ಪಾಲು ದೊಡ್ಡದು. ಭಾರದ ಜನರನ್ನು ನಡುವಿನಲ್ಲಿಟ್ಟು ಎಳೆದ ನೇರ ಗೆರೆ ಇದನ್ನು ಪೂರ್ತಿ ಹಿಡಿಯಲಾರದು.

ಮಾಂಸಖಂಡ ಬೆಳೆಸಿದರೆ ಬಿಎಂಆರ್ ಭಾರೀ ಏರುತ್ತದೆ ಎಂದು ಜಿಮ್ಮಿನಲ್ಲಿ ಹೇಳುವುದನ್ನೂ ಇದೇ ಅಂಕಿಗಳಿಂದ ಪರೀಕ್ಷಿಸಬಹುದು. ಮೂರು ಕಿಲೋ ಕೊಬ್ಬು ಹೋಗಿ ಮೂರು ಕಿಲೋ ಮಾಂಸಖಂಡ ಬಂದರೂ ಸಿಗುವ ವ್ಯತ್ಯಾಸ 3 × (13 − 4.5), ಅಂದರೆ 25.5 ಕ್ಯಾಲರಿ. ಅಲ್ಲಿನ ತೂಕದ ಯಂತ್ರ ಬಿಎಂಆರ್ ಎಂದು ತೋರಿಸುವ ಅಂಕಿಯೂ ಅಳತೆಯಲ್ಲ. ಯಂತ್ರ ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ಕೊಬ್ಬಿನ ಪಾಲನ್ನು ಅಂದಾಜು ಮಾಡುತ್ತದೆ, ಆ ಅಂದಾಜನ್ನು ಇನ್ನೊಂದು ಸೂತ್ರಕ್ಕೆ ಹಾಕುತ್ತದೆ. ಅಂದಾಜಿನ ಮೇಲೆ ಅಂದಾಜು.

ಈವರೆಗೆ ಹೇಳಿದ್ದೆಲ್ಲ ಒಂದು ಬಗೆಯ ತಪ್ಪು: ಒಂದು ಗುಂಪಿನ ಗೆರೆಯನ್ನು ಇನ್ನೊಂದು ಗುಂಪಿಗೆ ಹಚ್ಚಿದಾಗ ಎಲ್ಲರ ಲೆಕ್ಕವೂ ಒಂದೇ ದಿಕ್ಕಿಗೆ ಸರಿಯುವುದು. ಸರಿಯಾದ ಸೂತ್ರ ಆಯ್ದರೆ ಇದು ಕಡಿಮೆಯಾಗುತ್ತದೆ. ಎರಡನೆಯ ಬಗೆಯದ್ದು ಹಾಗಲ್ಲ. ಒಂದೇ ವಯಸ್ಸು, ಎತ್ತರ, ತೂಕದ ಹತ್ತು ಹೆಂಗಸರನ್ನು ಮಲಗಿಸಿ ಅಳೆದರೆ ಹತ್ತು ಉತ್ತರ ಬರುತ್ತವೆ. ಒಬ್ಬರ ಯಕೃತ್ತು ಸ್ವಲ್ಪ ದೊಡ್ಡದು, ಇನ್ನೊಬ್ಬರ ಥೈರಾಯ್ಡ್ ಸ್ವಲ್ಪ ಚುರುಕು. ಸೂತ್ರ ಹತ್ತು ಜನರಿಗೂ ಒಂದೇ ಅಂಕಿ ಕೊಡುತ್ತದೆ.

ಈ ಚದುರುವಿಕೆ ಎಷ್ಟು ಎಂದು ಸ್ಕೋಫೀಲ್ಡ್ ತನ್ನ ಸೂತ್ರದ ಜೊತೆಗೇ ಕೊಟ್ಟಿದ್ದಾರೆ; ಆ್ಯಪ್‌ಗಳು ಅದನ್ನು ತೋರಿಸುವುದಿಲ್ಲ ಎಂಬುದು ನನ್ನ ದೊಡ್ಡ ತಕರಾರು. 30ರಿಂದ 60ರ ಹೆಂಗಸರಲ್ಲಿ ಅದು 111 ಕ್ಯಾಲರಿ, ಅದೇ ವಯಸ್ಸಿನ ಗಂಡಸರಲ್ಲಿ 167. ಅರ್ಥ ಇಷ್ಟೇ: ಮೂವರಲ್ಲಿ ಇಬ್ಬರು ಗೆರೆಯಿಂದ 111ರ ಒಳಗೆ ಇರುತ್ತಾರೆ, ನೂರರಲ್ಲಿ 95 ಮಂದಿ ಅದರ ಇಮ್ಮಡಿ, ಅಂದರೆ 222ರ ಒಳಗೆ. ಸೂತ್ರ ಕಟ್ಟಲು ಬಳಸಿದ ಗುಂಪಿನಲ್ಲೇ ಇಷ್ಟು. ಹಾಗಾಗಿ 1203 ಎಂದರೆ 981ರಿಂದ 1425ರ ನಡುವೆ ಎಲ್ಲೋ ಒಂದು ಕಡೆ ಎಂದು ಓದಬೇಕು. ಹ್ಯಾರಿಸ್-ಬೆನೆಡಿಕ್ಟ್, ಹೆನ್ರಿ, ಐಸಿಎಂಆರ್ ತಿದ್ದುಪಡಿ, ಎಲ್ಲವೂ ಈ ಪಟ್ಟಿಯೊಳಗೇ ಬಿದ್ದುಬಿಡುತ್ತವೆ. ಮಿಫ್ಲಿನ್ ಒಂದೇ ಕೆಳಗಿನ ಅಂಚನ್ನು ತುಸು ದಾಟುತ್ತದೆ. ಸೂತ್ರಗಳು ಪರಸ್ಪರ ಒಪ್ಪದಿರುವುದಕ್ಕಿಂತ ಒಬ್ಬೊಬ್ಬರು ಸೂತ್ರವನ್ನು ಒಪ್ಪದಿರುವುದೇ ದೊಡ್ಡದು.

ಈ ಎರಡು ಬಗೆಯನ್ನು ಬೇರ್ಪಡಿಸಿದರೆ ಯಾವ ಕೆಲಸಕ್ಕೆ ಸೂತ್ರ ಸಾಕು ಎಂಬುದೂ ತಿಳಿಯುತ್ತದೆ. ಅಂಗನವಾಡಿಯ ತಾಯಂದಿರಿಗೋ ಹಾಸ್ಟೆಲಿನ ನೂರು ಮಂದಿಗೋ ಅಕ್ಕಿ ಲೆಕ್ಕ ಹಾಕುವಾಗ ಒಬ್ಬೊಬ್ಬರ ಏರಿಳಿತ ಒಂದಕ್ಕೊಂದು ಕಳೆದುಹೋಗುತ್ತದೆ. ಅಲ್ಲಿ ಮೊದಲ ಬಗೆಯ ತಪ್ಪು ಮಾತ್ರ ಉಳಿಯುತ್ತದೆ, ಆದ್ದರಿಂದ ಸೂತ್ರದ ಆಯ್ಕೆಯೇ ಎಲ್ಲ. ಒಬ್ಬ ಲಲಿತಕ್ಕನಿಗಾದರೆ ಸೂತ್ರ ಎಷ್ಟು ಒಳ್ಳೆಯದಿದ್ದರೂ ಅದು ಆರಂಭದ ಅಂಕಿ ಮಾತ್ರ.

ವಯಸ್ಸಾದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸ್ಕೋಫೀಲ್ಡ್ ಮತ್ತು ಹೆನ್ರಿ ವಯಸ್ಸನ್ನು ತುಂಡು ತುಂಡಾಗಿ ಹಂಚಿದ್ದಾರೆ, 60ಕ್ಕೆ ಒಂದು ಗಡಿ. ಅಡಕೆ ತೋಟದಲ್ಲಿ ದುಡಿಯುವ 52 ಕಿಲೋ ತೂಕದ ಗಂಡಸಿಗೆ ಸ್ಕೋಫೀಲ್ಡ್ ಸೂತ್ರ 59ನೇ ವಯಸ್ಸಿನಲ್ಲಿ 1470 ಹೇಳುತ್ತದೆ, 61ಕ್ಕೆ 1197. ಎರಡು ವರ್ಷದಲ್ಲಿ 273 ಕ್ಯಾಲರಿ ಯಾವ ದೇಹದಲ್ಲೂ ಹೀಗೆ ಕಳಚಿ ಬೀಳುವುದಿಲ್ಲ. ಅದು ಗೆರೆಗಳನ್ನು ಬೇರೆ ಬೇರೆಯಾಗಿ ಎಳೆದುದರ ಫಲ. ಹೆನ್ರಿ ಸೂತ್ರದಲ್ಲೂ ಈ ಮೆಟ್ಟಿಲು ಇದೆ, ಆದರೆ ಚಿಕ್ಕದು: 1331ರಿಂದ 1216ಕ್ಕೆ. ಗಡಿಯ ಆಚೀಚೆ ಇರುವವರಿಗೆ ಎರಡೂ ಕಡೆಯ ಸೂತ್ರ ಹಾಕಿ ನಡುವಿನದ್ದನ್ನು ತೆಗೆದುಕೊಳ್ಳುವುದು ಒಳ್ಳೆಯದು. ಅದೇ 52 ಕಿಲೋದವರು 160 ಸೆಂಟಿಮೀಟರ್ ಎತ್ತರವಿದ್ದು 72 ದಾಟಿದರೆ ಸಾಲೇ ತಿರುಗಿ ನಿಲ್ಲುತ್ತದೆ: ಹ್ಯಾರಿಸ್-ಬೆನೆಡಿಕ್ಟ್ 1096, ಮಿಫ್ಲಿನ್ 1165, ಹೆನ್ರಿ 1216. ಲಲಿತಕ್ಕನಲ್ಲಿ ಕೆಳಗಿದ್ದ ಮಿಫ್ಲಿನ್ ಇಲ್ಲಿ ನಡುವೆ ಬಂದಿದೆ, ಯಾವಾಗಲೂ ಮೇಲೆ ಹೋಗುತ್ತದೆ ಎನ್ನುವ ಹ್ಯಾರಿಸ್-ಬೆನೆಡಿಕ್ಟ್ ತಳಕ್ಕೆ ಇಳಿದಿದೆ. ಗಂಡಸರ ವಿಷಯದಲ್ಲಿ ಅದು ವರ್ಷಕ್ಕೆ 6.755 ಕ್ಯಾಲರಿ ಕಳೆಯುತ್ತ ಹೋಗುವುದೇ ಇದಕ್ಕೆ ಕಾರಣ. ಒಂದು ಸೂತ್ರ ಹೆಚ್ಚು ಹೇಳುತ್ತದೆ, ಇನ್ನೊಂದು ಕಡಿಮೆ ಎಂದು ಎಲ್ಲರಿಗೂ ಸೇರಿಸಿ ಹೇಳುವವರ ಮಾತನ್ನು ಆದ್ದರಿಂದ ನಂಬಬೇಡಿ.

ಜ್ವರ ಬಂದವರಿಗೆ, ಬಸುರಿಯರಿಗೆ, ಥೈರಾಯ್ಡ್ ಏರುಪೇರಾದವರಿಗೆ, ಕಾಲು ಊದಿ ನೀರು ತುಂಬಿಕೊಂಡವರಿಗೆ ಈ ಯಾವ ಸೂತ್ರವೂ ಹೊಂದುವುದಿಲ್ಲ. ಜ್ವರ ಒಂದೊಂದು ಡಿಗ್ರಿ ಸೆಲ್ಸಿಯಸ್ ಏರಿದಂತೆ ಖರ್ಚು ಶೇ. 10ರಷ್ಟೋ ಅದಕ್ಕಿಂತ ಹೆಚ್ಚೋ ಏರುತ್ತದೆ.

ಈಗ ಲಲಿತಕ್ಕನಿಗೆ ಏನು ಮಾಡುವುದು? ತೂಕ ತಾನಾಗಿ ಇಳಿಯುತ್ತಿರುವುದರಿಂದ ಮೊದಲು ವೈದ್ಯರ ಬಳಿ ಸಕ್ಕರೆ, ಥೈರಾಯ್ಡ್, ಕ್ಷಯ ಪರೀಕ್ಷೆ ಆಗಲಿ. ಅಲ್ಲಿ ಏನೂ ಇಲ್ಲವೆಂದಾದರೆ ಊಟದ ಲೆಕ್ಕಕ್ಕೆ ಬರಬಹುದು. ನಾನು ಹೆನ್ರಿ ಮತ್ತು ಐಸಿಎಂಆರ್ ನಡುವಿನ 1100 ಹಿಡಿಯುತ್ತೇನೆ. ಬೀಡಿ ಕಟ್ಟುವುದು ಕೂತು ಮಾಡುವ ಕೆಲಸ, ಅದರ ಜೊತೆ ಅಡುಗೆ, ನೀರು, ಹಟ್ಟಿಯ ಕೆಲಸ ಇದೆ. ದಿನದ ಒಟ್ಟು ಖರ್ಚಿಗೆ 1.5ರಿಂದ ಗುಣಿಸೋಣ. 1650 ಆಯಿತು. ಗುಣಿಸುವಾಗ ತಪ್ಪೂ ಗುಣಿಸಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು: ಬಿಎಂಆರ್‌ನಲ್ಲಿ 111 ತಪ್ಪಿದ್ದರೆ ಇಲ್ಲಿ ಅದು 166.5.

ಮುಂದಿನ ನಾಲ್ಕು ವಾರ ಊಟ ಆ 1650ರ ಸುತ್ತಮುತ್ತ ಇರಲಿ. ಅಕ್ಕಿ, ತೆಂಗಿನಕಾಯಿ, ಎಣ್ಣೆಗಳನ್ನು ಕಣ್ಣಂದಾಜಿನಲ್ಲಿ ಬಿಡದೆ ತೂಗಬೇಕು, ಏಕೆಂದರೆ ತಿಂದದ್ದನ್ನು ನೆನಪಿನಿಂದ ಬರೆಯುವವರು ಸಾಮಾನ್ಯವಾಗಿ ಕಡಿಮೆಯೇ ಬರೆಯುತ್ತಾರೆ. ಬೆಳಿಗ್ಗೆ ಎದ್ದು, ಮೂತ್ರವಾದ ಮೇಲೆ, ಏನೂ ತಿನ್ನುವ ಮೊದಲು ವಾರದಲ್ಲಿ ಮೂರು ನಾಲ್ಕು ದಿನ ತೂಕ ನೋಡಿ ಆ ವಾರದ ಸರಾಸರಿ ತೆಗೆಯಬೇಕು. ಒಂದು ದಿನದ ತೂಕವನ್ನು ನೆಚ್ಚಿದರೆ ನೀರಿನ ಏರಿಳಿತವೇ ಒಂದು ಕಿಲೋದಷ್ಟು ಮೋಸ ಮಾಡಬಹುದು.

ನಾಲ್ಕು ವಾರದಲ್ಲಿ ಸರಾಸರಿ 600 ಗ್ರಾಂ ಇಳಿಯಿತು ಎಂದಿಟ್ಟುಕೊಳ್ಳಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ. 0.6 × 7700 ÷ 28 ಮಾಡಿದರೆ ದಿನಕ್ಕೆ 165. ಅವರ ನಿಜವಾದ ಖರ್ಚು 1650 ಅಲ್ಲ, 1815ರ ಆಸುಪಾಸು. ಕೊರತೆ ಇದ್ದದ್ದು ಬಿಎಂಆರ್ ಅಂದಾಜಿನಲ್ಲೋ 1.5 ಎಂಬ ಗುಣಕದಲ್ಲೋ ಎಂದು ಇದರಿಂದ ತಿಳಿಯುವುದಿಲ್ಲ. ಊಟಕ್ಕೆ ಅದು ಬೇಕಾಗಿಯೂ ಇಲ್ಲ. ತೂಕ ನಿಲ್ಲಿಸಲು ದಿನಕ್ಕೆ 47 ಗ್ರಾಂ ಅಕ್ಕಿಯಷ್ಟು ಆಹಾರ ಸೇರಿಸಬೇಕು, ತೂಕ ಏರಿಸಬೇಕಾದರೆ ಅದಕ್ಕಿಂತ ತುಸು ಹೆಚ್ಚು, ಅದರಲ್ಲಿ ಒಂದು ಪಾಲು ಹೆಸರುಕಾಳೋ ಮೀನೋ ಮೊಟ್ಟೆಯೋ ಆಗಿರಲಿ. ಮತ್ತೆ ನಾಲ್ಕು ವಾರ ಬಿಟ್ಟು ಅದೇ ಲೆಕ್ಕವನ್ನು ಹೊಸ ತೂಕದಿಂದ ಮಾಡಬೇಕು.